ಅಪಾಸ್ಟಿಲ್ ಮುದ್ರೆ, ಬೆರಳೆಣಿಕೆ ಮತ್ತು ಆ ಒಂದು ಮಾರ್ಕು

ಸಂಪಾದಕರಿಗೆ ನಮಸ್ಕಾರ. ಇಲ್ಲಿ ಮೂರು ವರ್ಷದ ಬಿಎ ಮುಗಿಸಿ 2022ರಲ್ಲಿ ಬ್ರಿಟನ್‌ಗೆ ಹೋಗಿ ಒಂದು ವರ್ಷದ ಎಂಎ ಮಾಡ್ಕೊಂಡು ಬಂದೆ. ನೂರಕ್ಕೆ 54, ಪಾಸ್. ಈಗ ಇಲ್ಲೇ ಪಿಎಚ್‌ಡಿಗೆ ಅರ್ಜಿ ಹಾಕಿದ್ರೆ 'ಒಂದು ವರ್ಷದ ಎಂಎ ನಡೆಯಲ್ಲ, ತತ್ಸಮಾನ ಪ್ರಮಾಣಪತ್ರ ತನ್ನಿ' ಅಂತ ವಾಪಸ್ ಕಳಿಸಿದ್ರು. ಸರ್ಟಿಫಿಕೇಟ್‌ಗೆ ಅಪಾಸ್ಟಿಲ್ ಮಾಡಿಸಿದೀನಲ್ಲ, ಅದು ಸಾಲಲ್ವಾ?
– ಹೆಸರು ಬೇಡ ಎಂದ ಓದುಗರು

ಸಾಲಲ್ಲ ತಾಯಿ. ಮೊದಲೇ ಒಂದು ಮಾತು ಕೇಳಿದ್ರೆ ಆ ದುಡ್ಡೂ ಉಳೀತಿತ್ತೋ ಏನೋ. ಅಪಾಸ್ಟಿಲ್ ಅನ್ನೋದು 1961ರ ಹೇಗ್ ಒಪ್ಪಂದದ ಕೂಸು, ನಮ್ಮ ದೇಶಕ್ಕೆ ಅದು ಜಾರಿಗೆ ಬಂದಿದ್ದು 2005ರಲ್ಲಿ. ಅದು ಹೇಳೋದು ಇಷ್ಟೇ: ಈ ಕಾಗದದ ಮೇಲಿರೋ ಸಹಿ, ಸೀಲು ಅಸಲಿ. ಒಳಗೆ ಏನು ಬರೆದಿದೆ, ನೀವು ಏನು ಓದಿದ್ರಿ, ಆ ಸಂಸ್ಥೆ ಎಂಥದ್ದು, ಇದ್ಯಾವುದರ ಉಸಾಬರಿಯೂ ಅದಕ್ಕಿಲ್ಲ. ಜನ ಮೂರು ಬೇರೆ ಬೇರೆ ಕೆಲಸಾನ ಕಲಸಿಬಿಡ್ತಾರೆ. ಕಾಗದ ಅಸಲಿಯೋ ಅನ್ನೋದು ಒಂದು, ಕೊಟ್ಟ ವಿಶ್ವವಿದ್ಯಾಲಯಕ್ಕೆ ಅದರ ದೇಶದಲ್ಲಿ ಮಾನ್ಯತೆ ಇದೆಯೋ ಅನ್ನೋದು ಇನ್ನೊಂದು, ನಮ್ಮ ಯಾವ ಪದವಿಗೆ ಅದು ಸಮ ಅನ್ನೋದು ಮೂರನೇದು. ನಿಮ್ಮನ್ನ ಕೇಳ್ತಿರೋದು ಮೂರನೇದನ್ನ, ನೀವು ತೋರಿಸ್ತಿರೋದು ಮೊದಲನೇದರ ಅರ್ಧ.

ಈ ಮೂರನೇ ಕಾಗದಾನ ಬಹಳ ವರ್ಷದಿಂದ ಕೊಡ್ತಾ ಬಂದಿದ್ದು ಭಾರತೀಯ ವಿಶ್ವವಿದ್ಯಾಲಯಗಳ ಸಂಘ, ಎಲ್ಲರ ಬಾಯಲ್ಲಿ ಎಐಯು. 2025ರ ಏಪ್ರಿಲ್‌ನಲ್ಲಿ ಯುಜಿಸಿ ತನ್ನದೇ ನಿಯಮ ತಂತು, ಅರ್ಜಿ ಬಂದ 15 ಕೆಲಸದ ದಿನದಲ್ಲಿ ತೀರ್ಮಾನ ತಿಳಿಸ್ಬೇಕು ಅಂತ ಅದರಲ್ಲಿದೆ, ತಿರಸ್ಕಾರ ಆದ್ರೆ ಮರುಪರಿಶೀಲನೆ ಕೇಳೋ ದಾರಿಯೂ ಇದೆ. ಹಾಗಾಗಿ ಮೊದಲ ಕೆಲಸ, ಯಾರ ಪ್ರಮಾಣಪತ್ರ ಬೇಕು ಅಂತ ನಿಮ್ಮ ವಿಶ್ವವಿದ್ಯಾಲಯಾನ ಬರಹದಲ್ಲಿ ಕೇಳಿ. ಕೌಂಟರ್‌ನಲ್ಲಿ ಬಾಯಲ್ಲಿ ಹೇಳಿದ ಮಾತು ನಾಳೆ ಕೌಂಟರ್‌ನಲ್ಲಿ ಬೇರೆಯವರು ಕೂತ್ರೆ ಇರಲ್ಲ.

ಈಗ ಆ 'ಒಂದು ವರ್ಷ' ಅನ್ನೋ ಮಾತಿಗೆ ಬರ್ತೀನಿ, ಇದರ ಮೇಲೆ ನನಗೆ ಹಳೇ ಸಿಟ್ಟಿದೆ. ಹಿಂದೊಮ್ಮೆ ನಮ್ಮ ಅಕ್ಕನ ಮಗನ ಜೊತೆ ಇಂಥದ್ದೇ ಒಂದು ಸೆಕ್ಷನ್‌ಗೆ ಹೋಗಿದ್ದೆ, ಯಾವ ಊರು ಯಾವ ಆಫೀಸು ಬಿಡಿ. ಅಲ್ಲಿದ್ದವರು ಅಂಕಪಟ್ಟಿ ತೆಗೆದೇ ನೋಡ್ಲಿಲ್ಲ, ಬೆರಳು ಮಡಚಿ ಎಣಿಸಿದ್ರು, ಮೂರು, ಮೂರರ ಮೇಲೆ ಒಂದು, ನಾಲ್ಕು, 'ನಮ್ದು ಐದು ಸಾರ್' ಅಂದ್ರು, ಮುಗೀತು. ಹುಡುಗ ತಂದಿದ್ದ ಸಿಲಬಸ್ ಕಟ್ಟು ಮೇಜಿನ ಮೇಲೇ ಇತ್ತು, ಅದರ ದಾರ ಕೂಡ ಬಿಚ್ಚಲಿಲ್ಲ.

ಎಣಿಸೋದೇ ಆದ್ರೆ ಸರಿಯಾಗಿ ಎಣಿಸೋಣ. ಬ್ರಿಟನ್ನಿನ ಎಂಎ ಸಾಮಾನ್ಯವಾಗಿ 180 ಕ್ರೆಡಿಟ್, ಒಂದು ಕ್ರೆಡಿಟ್ ಅಂದ್ರೆ 10 ಗಂಟೆ ಓದು, ಒಟ್ಟು 1800 ಗಂಟೆ. ಬೇಸಿಗೆ ರಜೆ ಇಲ್ಲದೆ ಹನ್ನೆರಡು ತಿಂಗಳು ಎಳೀತಾರೆ, ಅದರಲ್ಲಿ ಪ್ರಬಂಧಕ್ಕೇ ಸಾಮಾನ್ಯವಾಗಿ 60 ಕ್ರೆಡಿಟ್ ಹೋಗುತ್ತೆ. ನಮ್ಮ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ ವರ್ಷಕ್ಕೆ 1200 ಗಂಟೆ, ಎರಡು ವರ್ಷಕ್ಕೆ 2400. ಅಂದ್ರೆ ನಿಮ್ಮದು ನಮ್ಮ ಎರಡು ವರ್ಷದ ಮುಕ್ಕಾಲು ಪಾಲು. ಪೂರ್ತಿ ಸಮ ಅಂತ ನಾನೂ ಹೇಳಲ್ಲ, ಎಣಿಸೋರ ಕಡೆ ಅಷ್ಟು ನ್ಯಾಯ ಇದೆ. ನಕಲಿ ಡಿಗ್ರಿ ಹಿಡ್ಕೊಂಡು ಬರೋರೂ ಇದಾರೆ, ಅವರು ಹುಷಾರಾಗಿರೋದು ತಪ್ಪಲ್ಲ. ಆದರೆ 'ಅರ್ಧ ಎಂಎ' ಅನ್ನೋದಿದೆಯಲ್ಲ, ಅದು ಲೆಕ್ಕ ಬರದವರ ಮಾತು. ಅದಕ್ಕಿಂತ ದೊಡ್ಡ ವಿಷಯ, 2022ರ ಜುಲೈನಲ್ಲೇ ಭಾರತ ಮತ್ತು ಬ್ರಿಟನ್ ಒಪ್ಪಂದಕ್ಕೆ ಸಹಿ ಹಾಕಿ ಅಲ್ಲಿನ ಒಂದು ವರ್ಷದ ಮಾಸ್ಟರ್ಸ್‌ನ ಇಲ್ಲಿನ ಮಾಸ್ಟರ್ಸ್‌ಗೆ ಸಮ ಅಂತ ಒಪ್ಕೊಂಡಿವೆ. ಎಂಜಿನಿಯರಿಂಗ್, ವೈದ್ಯಕೀಯ, ಕಾನೂನು, ವಾಸ್ತುಶಿಲ್ಪದಂಥ ವೃತ್ತಿಪರ ಪದವಿಗಳು ಹೊರಗೆ, ಎಂಎ ಒಳಗೆ. ಒಪ್ಪಂದ ದೆಹಲೀಲಿ ಆಗುತ್ತೆ, ಆ ಸುದ್ದಿ ಕೌಂಟರಿಗೆ ತಲುಪೋಷ್ಟರಲ್ಲಿ ನಿಮ್ಮಂಥ ನಾಲ್ಕು ಬ್ಯಾಚ್ ದಾಟಿ ಹೋಗಿರುತ್ತೆ.

ಯುರೋಪಿನವರು 1997ರಲ್ಲಿ ಲಿಸ್ಬನ್‌ನಲ್ಲಿ ಒಂದು ಒಪ್ಪಂದ ಮಾಡ್ಕೊಂಡ್ರು. ಅದರ ತಿರುಳು ನನಗೆ ತುಂಬಾ ಇಷ್ಟ: ಎರಡು ಪದವಿಗಳ ನಡುವೆ ಗಣನೀಯ ವ್ಯತ್ಯಾಸ ಇದೆ ಅನ್ನೋರು ಅದನ್ನ ತೋರಿಸ್ಬೇಕು, ಇಲ್ಲಾಂದ್ರೆ ಒಪ್ಕೋಬೇಕು. ನಾವು ಆ ಒಪ್ಪಂದದಲ್ಲಿಲ್ಲ, ನಮ್ಮಲ್ಲಿ ಓದಿದೋನೇ ಅಡ್ಡಾಡಿ ರುಜುವಾತು ಮಾಡ್ಬೇಕು. ಇದೇನು ಹೊಸ ಜಗಳ ಅಲ್ಲ ಬಿಡಿ. 1233ರಲ್ಲೇ ಪೋಪ್ ಒಂಬತ್ತನೇ ಗ್ರೆಗರಿ ತುಲೂಸ್ ವಿಶ್ವವಿದ್ಯಾಲಯದ ಪದವೀಧರರು ಮತ್ತೆ ಪರೀಕ್ಷೆ ಇಲ್ಲದೆ ಎಲ್ಲಿ ಬೇಕಾದ್ರೂ ಪಾಠ ಹೇಳ್ಬಹುದು ಅಂತ ಅಪ್ಪಣೆ ಕೊಟ್ಟಿದ್ದ. ಎಂಟು ಶತಮಾನ ಆಗ್ತಾ ಬಂತು, ನಾವಿನ್ನೂ ಬೆರಳು ಮಡಚ್ತಾ ಇದೀವಿ.

ಆದರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಕುಕ್ಕಿದ್ದು ವರ್ಷ ಅಲ್ಲ, ಆ 54. ನೀವು ಅದನ್ನ ಹೀಗೇ ಹೇಳಿ ಮುಂದೆ ಹೋಗಿದೀರಿ. ಯುಜಿಸಿಯ 2022ರ ಪಿಎಚ್‌ಡಿ ನಿಯಮದಲ್ಲಿ ಸ್ನಾತಕೋತ್ತರದಲ್ಲಿ 55 ಪರ್ಸೆಂಟ್ ಅಥವಾ ಅದಕ್ಕೆ ಸಮನಾದ ಗ್ರೇಡ್ ಬೇಕು, ಪರಿಶಿಷ್ಟ ಜಾತಿ, ಪಂಗಡ ಮುಂತಾದ ಕೆಲವು ವರ್ಗಕ್ಕೆ 5 ಪರ್ಸೆಂಟ್ ರಿಯಾಯಿತಿ. ನೀವು ಆ ವರ್ಗಗಳಲ್ಲಿ ಇಲ್ಲದಿದ್ರೆ, ತತ್ಸಮಾನ ಪತ್ರ ಕೈಗೆ ಬಂದ ಮೇಲೂ ಒಂದೇ ಒಂದು ಮಾರ್ಕಿಗೆ ಗೇಟಿನ ಹೊರಗೆ ನಿಲ್ಲಿಸ್ತಾರೆ. ಬ್ರಿಟನ್ನಿನ ಎಂಎನಲ್ಲಿ ಸಾಮಾನ್ಯವಾಗಿ 50ಕ್ಕೆ ಪಾಸ್, 60ಕ್ಕೆ ಮೆರಿಟ್, 70ಕ್ಕೆ ಡಿಸ್ಟಿಂಕ್ಷನ್, 80 ದಾಟೋದು ಅಪರೂಪ. ಆ ಅಳತೆಗೋಲಿನ 54ನ ನಮ್ಮ ಅಳತೆಗೋಲಿನ 55ರ ಪಕ್ಕ ಇಟ್ಟು ಕಮ್ಮಿ ಅನ್ನೋದು ಮೊಳಾನೂ ಗಜಾನೂ ಒಂದೇ ಅಂದಂಗೆ. ಇನ್ನು ಜರ್ಮನಿಯಲ್ಲಿ 1.0 ಅಂದ್ರೆ ಅತ್ಯುತ್ತಮ, 4.0 ಅಂದ್ರೆ ಬರೀ ಪಾಸ್, 1.7 ತಂದ ಹುಡುಗನ್ನ 'ಇಷ್ಟು ಕಮ್ಮೀನಾ' ಅಂತ ಕೇಳೋರು ಇದ್ದೇ ಇರ್ತಾರೆ.

ಇದಕ್ಕೆ ನೀವು ಈಗಲೇ ಮಾಡ್ಬೇಕಾದ್ದು ಒಂದಿದೆ. ಅಲ್ಲಿನ ವಿಭಾಗಕ್ಕೆ ಬರೆದು ನೀವು ಓದಿದ ವರ್ಷದ ಪ್ರೋಗ್ರಾಂ ಹ್ಯಾಂಡ್‌ಬುಕ್ ತರಿಸ್ಕೊಳ್ಳಿ, ಅದರಲ್ಲಿ ಅಂಕಗಳ ಶ್ರೇಣಿ ಏನಂತ ವಿವರ ಇರುತ್ತೆ, ಜೊತೆಗೆ ಅದನ್ನೇ ಹೇಳೋ ಒಂದು ಸಹಿ ಮಾಡಿದ ಪತ್ರ. ಇವೆರಡನ್ನ ಲಗತ್ತಿಸಿ, 'ನನ್ನ ಅಂಕವನ್ನು ಯಾವ ನಿಯಮದ ಪ್ರಕಾರ ನಿಮ್ಮ 55ಕ್ಕೆ ಹೋಲಿಸ್ತೀರಿ' ಅಂತ ಕುಲಸಚಿವರಿಗೇ ಬರೀರಿ. ಸೆಕ್ಷನ್‌ನೋರ ಕೈಲಿ ಆ ಅಧಿಕಾರ ಇರಲ್ಲ, ಅದಕ್ಕೇ ಅವರು ಇಲ್ಲ ಅಂತಾರೆ. ಒಪ್ಪೇ ಒಪ್ತಾರೆ ಅಂತ ನಾನು ಆಸೆ ಹುಟ್ಟಿಸಲ್ಲ, ಆದರೆ ಕೇಳದೇ ಬಿಟ್ರೆ 54 ಬರೀ 54 ಆಗೇ ಉಳಿಯುತ್ತೆ.

ಅಲ್ಲೇ ಇದ್ದು, ಕ್ಲಾಸಿಗೆ ಹೋಗಿ ಓದಿದ್ದು ಅಂತ ತೋರಿಸೋಕೆ ವೀಸಾ, ಪಾಸ್‌ಪೋರ್ಟ್‌ನ ಮುದ್ರೆ ಇರೋ ಪುಟಗಳ ಕಾಪಿ ಇಟ್ಕೊಳ್ಳಿ, ಯುಜಿಸಿ ನಿಯಮದಲ್ಲಿ ಆನ್‌ಲೈನ್, ದೂರಶಿಕ್ಷಣದ ಪದವಿಗೆ ಜಾಗ ಇಲ್ಲ.

ಹಾಂ, ಇನ್ನೊಂದು. ನಿಮ್ಮ ಬಿಎ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಇನಿಷಿಯಲ್ ಮಾತ್ರ ಇದ್ದು, ಪಾಸ್‌ಪೋರ್ಟ್‌ನಲ್ಲಿ ಅದು ಬಿಚ್ಚಿ ಅಪ್ಪನ ಹೆಸರೋ ಊರ ಹೆಸರೋ ಆಗಿ, ಬ್ರಿಟನ್‌ನವರು ಅದನ್ನೇ ಮನೆತನದ ಹೆಸರು ಅಂದ್ಕೊಂಡು ಡಿಗ್ರಿಯಲ್ಲಿ ಅಚ್ಚು ಹಾಕಿದಾರಾ ನೋಡಿ. ನಮ್ಮ ಕಡೆಯೋರಿಗೆ ಇದು ತಪ್ಪಿದ್ದಲ್ಲ. ಹಾಗಿದ್ರೆ ಅರ್ಜಿ ಹಾಕೋ ಮುಂಚೆಯೇ, ಇಬ್ಬರೂ ಒಬ್ಬಳೇ ಅಂತ ನೋಟರಿ ಹತ್ರ ಅಫಿಡವಿಟ್ ಮಾಡಿಸ್ಕೊಳ್ಳಿ.

– ಸಂ.