ಅಂಕದ ಹಾಳೆಗಿಂತ ಮೊದಲು ಗಿರಾಕಿಯ ಹಾಳೆ

ಸಂಪಾದಕರೇ, ತಿಪಟೂರಿನಲ್ಲಿ ನನ್ನದು ನೀರು ಶುದ್ಧ ಮಾಡುವ ಮಷೀನುಗಳ ಅಂಗಡಿ. ಮನೆಮನೆಗೆ ಹೋಗಿ ಮಾರುವ ಹುಡುಗರು ಬೇಕು. ಇಂಟರ್‌ವ್ಯೂನಲ್ಲಿ ಚೆನ್ನಾಗಿ ಮಾತಾಡಿದ ಇಬ್ಬರನ್ನು ತೆಗೆದುಕೊಂಡೆ. ಇಬ್ಬರೂ ಮೂರು ತಿಂಗಳಲ್ಲಿ ಬಿಟ್ಟುಹೋದರು. ಅವರು ಮಾಡಿದ ವ್ಯಾಪಾರಕ್ಕಿಂತ ತಂದಿಟ್ಟ ದೂರುಗಳೇ ಜಾಸ್ತಿ. ಗಿರಾಕಿಯ ಹಾಗೆ ನಟಿಸಿ, ಅವರು ಹೇಗೆ ಮಾರುತ್ತಾರೆ ಅಂತ ನೋಡಿ ಅಂಕ ಹಾಕಿ ಎಂದು ಪರಿಚಯದವರೊಬ್ಬರು ಹೇಳಿದರು. ಇದನ್ನು ಮಾಡುವುದು ಹೇಗೆ?
— ಒಬ್ಬ ಓದುಗ, ತಿಪಟೂರು

ನಿಮ್ಮ ಪರಿಚಯದವರು ಸರಿಯಾದ ದಾರಿಯನ್ನೇ ತೋರಿಸಿದ್ದಾರೆ. ಆದರೆ ಹೆಚ್ಚಿನವರು ಅಂಕದ ಹಾಳೆಯನ್ನು ನೀಟಾಗಿ ಗೆರೆ ಹಾಕಿ ತಯಾರಿಸಿ, ಗಿರಾಕಿಯ ಪಾತ್ರವನ್ನು ಆ ಹೊತ್ತಿಗೆ ತೋಚಿದಂತೆ ಆಡುತ್ತಾರೆ. ನಮ್ಮ ಪತ್ರಿಕೆಗೆ ಚಂದಾ ಮಾಡಿಸುವವರನ್ನು ಆರಿಸುವಾಗ ನಾನೂ ಹಾಗೇ ಮಾಡಿದೆ. ಬೆಳಿಗ್ಗೆ ಬಂದವರ ಮುಂದೆ ಬಿಗಿಯಾದ ಗಿರಾಕಿಯಾಗಿದ್ದವನು, ಸಂಜೆ ಹೊತ್ತಿಗೆ ದಣಿದು, ಕೇಳದಿದ್ದರೂ ಎಲ್ಲವನ್ನೂ ಹೇಳಿಬಿಡುತ್ತಿದ್ದೆ. ಸಂಜೆ ಬಂದವರಿಗೆ ಹೆಚ್ಚು ಅಂಕ ಬಿತ್ತು. ಆದ್ದರಿಂದ ಮೊದಲು ಬರೆಯಬೇಕಾದದ್ದು ಗಿರಾಕಿಯ ಹಾಳೆ.

ನಿಮ್ಮ ಊರಿಗೆ ಹೊಂದುವ ಒಬ್ಬ ಗೃಹಿಣಿಯನ್ನು ಕಲ್ಪಿಸಿಕೊಳ್ಳಿ. ಮನೆಗೆ ಬೋರ್‌ವೆಲ್ ನೀರು ಬರುತ್ತದೆ, ಕುಡಿಯಲು ಮಾತ್ರ ಶುದ್ಧ ನೀರಿನ ಘಟಕದಿಂದ 5 ರೂಪಾಯಿಗೆ 20 ಲೀಟರಿನ ಕ್ಯಾನು ತರುತ್ತಾರೆ. ಇಷ್ಟನ್ನು ಆಕೆ ತಾನಾಗಿಯೇ ಹೇಳಲಿ. ಮೂರು ಸಂಗತಿಗಳನ್ನು ಮಾತ್ರ ಕೇಳಿದರಷ್ಟೇ ಹೇಳಬೇಕು. ಮೊದಲನೆಯದು, ಮಗ ಬೆಂಗಳೂರಿಗೆ ಹೋದ ಮೇಲೆ ಮಂಡಿನೋವಿನ ಮಾವನವರೇ ಕ್ಯಾನು ಹೊರುತ್ತಿದ್ದಾರೆ. ಎರಡನೆಯದು, ಹಿಂದೆ ಒಂದು ಮಷೀನು ತೆಗೆದುಕೊಂಡಿದ್ದರು, ಸರ್ವಿಸ್‌ನವನು ಬರುವುದು ನಿಲ್ಲಿಸಿದ ಮೇಲೆ ಅದು ಅಟ್ಟ ಸೇರಿದೆ. ಮೂರನೆಯದು, ದುಡ್ಡು ಕೊಡುವವನು ಮಗ, ಅವನನ್ನು ಕೇಳದೆ ಏನೂ ಆಗುವುದಿಲ್ಲ. ‘ಕ್ಯಾನು ಯಾರು ತರ್ತಾರೆ?’ ಎಂದು ಕೇಳಿದವನಿಗೆ ಮಾವನವರ ಮಂಡಿಯ ವಿಷಯ ಸಿಗಲಿ. ಕೇಳದವನಿಗೆ, ಅವನು ಎಷ್ಟೇ ಒಳ್ಳೆಯವನಾಗಿ ಕಂಡರೂ, ಸಿಗದಿರಲಿ.

ಗಿರಾಕಿ ತಾನಾಗಿ ಆಡಬೇಕಾದ ಎರಡು ಮಾತುಗಳನ್ನೂ ಬರೆದಿಡಿ, ಎಲ್ಲರ ಮುಂದೆಯೂ ಅವೇ ಮಾತು ಬರಲಿ. ಬೆಲೆ ಕೇಳಿದೊಡನೆ: ‘ಘಟಕದಲ್ಲಿ 5 ರೂಪಾಯಿಗೆ ಸಿಗುತ್ತಲ್ಲಪ್ಪ, ಇದಕ್ಕೆ 16 ಸಾವಿರ ಯಾಕೆ ಹಾಕ್ಬೇಕು?’ ಕೊನೆಯ ಹೊತ್ತಿಗೆ: ‘ಒಂದ್ಸಲ ತಗೊಂಡ್ರೆ ಮೂರು ವರ್ಷ ಏನೂ ಖರ್ಚು ಬರಲ್ಲ ತಾನೆ?’ ಆರ್‌ಒ ಮಷೀನಿನ ಫಿಲ್ಟರುಗಳನ್ನು ಆಗಾಗ ಬದಲಿಸಲೇಬೇಕು ಎಂಬುದು ನಿಮಗೆ ಗೊತ್ತು. ಹುಡುಗನಿಗೂ ಗೊತ್ತಿರಬೇಕು. ಅದಕ್ಕೆ ಪರೀಕ್ಷೆಗೆ ಅರ್ಧ ಗಂಟೆ ಮೊದಲು ಮಷೀನಿನ ಬೆಲೆ, ಫಿಲ್ಟರ್ ಬದಲಿಸುವ ಅವಧಿ ಮತ್ತು ಖರ್ಚು, ಟಿಡಿಎಸ್ ಎಂದರೇನು, ಇಷ್ಟನ್ನು ಒಂದು ಪುಟದಲ್ಲಿ ಬರೆದು ಎಲ್ಲರಿಗೂ ಓದಲು ಕೊಡಿ. ಇಲ್ಲದಿದ್ದರೆ ನೀವು ಅಳೆಯುವುದು ಅವನ ಹಳೆಯ ಕೆಲಸದ ಅನುಭವವನ್ನೇ ಹೊರತು ಮಾರುವ ಗುಣವನ್ನಲ್ಲ.

ಪಾತ್ರವನ್ನು ನಿಮ್ಮ ಮನೆಯವರೋ ಅಂಗಡಿಯ ಹಳೆಯ ಸಿಬ್ಬಂದಿಯೋ ಆಡಲಿ. ನೀವು ಪಕ್ಕದಲ್ಲಿ ಕೂತು ಬರೆದುಕೊಳ್ಳಿ. ಹತ್ತು ನಿಮಿಷ ಸಾಕು.

ಈಗ ಅಂಕದ ಹಾಳೆ. ಐದೇ ಸಾಲು, ಪ್ರತಿಯೊಂದಕ್ಕೂ 0ಯಿಂದ 3. ‘ಆತ್ಮವಿಶ್ವಾಸ’, ‘ವ್ಯಕ್ತಿತ್ವ’ ಎಂಬ ಸಾಲುಗಳು ಬೇಡವೇ ಬೇಡ, ಅವಕ್ಕೆ ಅಂಕ ಹಾಕುವಾಗ ನಾವು ನಮ್ಮ ಇಷ್ಟಾನಿಷ್ಟವನ್ನೇ ಬರೆಯುತ್ತೇವೆ. ಕಣ್ಣಿಗೆ ಕಂಡದ್ದು, ಕಿವಿಗೆ ಬಿದ್ದದ್ದು ಮಾತ್ರ ಇರಲಿ. ಮೊದಲ ಸಾಲು ಪ್ರಶ್ನೆಗಳದ್ದು: ಮೂರು ಗುಟ್ಟುಗಳಲ್ಲಿ ಎಷ್ಟು ಹೊರಬಿದ್ದವೋ ಅಷ್ಟು ಅಂಕ. ಎರಡನೆಯದು, ತಿಳಿದದ್ದನ್ನು ಬಳಸಿಕೊಂಡನೇ? ಮಾವನವರ ಮಂಡಿನೋವು ಕೇಳಿಸಿಕೊಂಡೂ ಮಷೀನಿನ ಏಳು ಹಂತಗಳನ್ನು ವರ್ಣಿಸತೊಡಗಿದರೆ 0. ಮೂರನೆಯದು ಬೆಲೆಯ ಮಾತು: ಕೇಳಿದ ತಕ್ಷಣ ‘ಸಾವಿರ ಕಮ್ಮಿ ಮಾಡ್ತೀನಿ’ ಅಂದರೆ 0, ಕ್ಯಾನು ತರುವ ಕಷ್ಟದ ಜೊತೆ ತೂಗಿ ತೋರಿಸಿದರೆ 3. ನಾಲ್ಕನೆಯದು ಸತ್ಯ: ಫಿಲ್ಟರ್ ಖರ್ಚನ್ನು ಮೊತ್ತ ಸಮೇತ ಹೇಳಿದರೆ 3, ‘ಏನೂ ಬರಲ್ಲ’ ಅಂದರೆ 0. ಐದನೆಯದು ಮುಂದಿನ ಹೆಜ್ಜೆ: ‘ಯೋಚ್ನೆ ಮಾಡಿ ಹೇಳಿ’ ಎಂದು ಎದ್ದರೆ 0, ‘ಫೋನ್ ಮಾಡ್ತೀನಿ’ ಎಂದರೆ 1, ದಿನ ಗೊತ್ತುಮಾಡಿಕೊಂಡರೆ 2, ಮಗ ಊರಿಗೆ ಬರುವ ಭಾನುವಾರಕ್ಕೆ ಸಮಯ ಸಮೇತ ಗೊತ್ತುಮಾಡಿಕೊಂಡರೆ 3. ಪ್ರತಿ ಅಂಕದ ಪಕ್ಕದಲ್ಲಿ ಅವನು ಆಡಿದ ಒಂದು ಮಾತನ್ನು ಹಾಗೇ ಬರೆಯಿರಿ. ಬರೆಯಲು ಮಾತು ನೆನಪಾಗದಿದ್ದರೆ ಆ ಅಂಕ ನಿಮ್ಮ ಊಹೆ.

ಒಂದು ಉದಾಹರಣೆ ಹಾಕಿ ನೋಡೋಣ. ಮೊದಲನೆಯ ಹುಡುಗ ಚುರುಕು, ಹತ್ತರಲ್ಲಿ ಏಳು ನಿಮಿಷ ಅವನದೇ ಮಾತು. ಗುಟ್ಟುಗಳಲ್ಲಿ ಒಂದೇ, ಮಗನ ವಿಷಯ, ಹೊರಬಂತು. ಬೆಲೆಗೆ ಒಳ್ಳೆಯ ಉತ್ತರ ಕೊಟ್ಟ, ಭಾನುವಾರಕ್ಕೆ ಸಮಯವನ್ನೂ ಗೊತ್ತುಮಾಡಿಕೊಂಡ. ಆದರೆ ‘ಮೂರು ವರ್ಷ ಆರಾಮಾಗಿರಿ ಅಮ್ಮ’ ಅಂದುಬಿಟ್ಟ. 1, 1, 2, 0, 3: ಒಟ್ಟು 7. ಎರಡನೆಯವನ ದನಿ ಸಣ್ಣದು, ಶುರುವಿನಲ್ಲಿ ತಡವರಿಸಿದ. ಆದರೆ ಕ್ಯಾನು ಯಾರು ತರುತ್ತಾರೆ, ಮೊದಲು ಮಷೀನು ಇತ್ತಾ, ಮನೆಯಲ್ಲಿ ಇನ್ಯಾರನ್ನು ಕೇಳಬೇಕು ಎಂದು ಒಂದೊಂದಾಗಿ ಕೇಳಿದ. ಬೆಲೆಯ ಮಾತಿಗೆ ಕಕ್ಕಾಬಿಕ್ಕಿಯಾದ, ಫಿಲ್ಟರ್ ಖರ್ಚು ಸರಿಯಾಗಿ ಹೇಳಿದ, ಕೊನೆಗೆ ‘ಫೋನ್ ಮಾಡ್ತೀನಿ’ ಎಂದು ಎದ್ದ. 3, 2, 1, 3, 1: ಒಟ್ಟು 10. ಬರಿಯ ಇಂಟರ್‌ವ್ಯೂನಲ್ಲಿ ಮೊದಲನೆಯವನೇ ಆಯ್ಕೆಯಾಗುತ್ತಿದ್ದ. ನಿಮಗೆ ದೂರುಗಳನ್ನು ತಂದವರು ಬಹುಶಃ ಇಂಥವರೇ ಇರಬೇಕು. ಸತ್ಯದ ಸಾಲಿನಲ್ಲಿ 0 ಬಂದವನನ್ನು, ಒಟ್ಟು ಎಷ್ಟೇ ಇರಲಿ, ತೆಗೆದುಕೊಳ್ಳಬೇಡಿ. ಈ ನಿಯಮವನ್ನು ಮೊದಲೇ ಹಾಳೆಯ ಮೇಲೆ ಬರೆದಿಡಿ, ಆಮೇಲೆ ಮನಸ್ಸು ಸಡಿಲವಾಗುತ್ತದೆ.

ಇಲ್ಲಿಗೇ ನಿಲ್ಲಿಸಬೇಡಿ. ಇಬ್ಬರಿಗೂ ಒಂದೊಂದೇ ತಿದ್ದುಪಡಿ ಹೇಳಿ, ಐದು ನಿಮಿಷ ಬಿಟ್ಟು ಆ ಭಾಗವನ್ನು ಮತ್ತೆ ಆಡಿಸಿ. ‘ಏಳುವ ಮೊದಲು ದಿನ, ಸಮಯ ಕೇಳಪ್ಪ’ ಎಂದರೆ ಎರಡನೆಯವನು ಕೇಳುತ್ತಾನೆಯೇ? ‘ಮಷೀನು ತೋರಿಸೋ ಮುಂಚೆ ವಿಚಾರಿಸು’ ಎಂದರೆ ಮೊದಲನೆಯವನು ಉತ್ತರಕ್ಕೂ ಕಾಯದೆ ನಾಲ್ಕು ಪ್ರಶ್ನೆ ಒಟ್ಟಿಗೆ ಎಸೆಯುತ್ತಾನೆಯೇ? ಹೇಳಿದ್ದನ್ನು ಹಿಡಿದುಕೊಳ್ಳುವವನನ್ನು ನೀವು ತರಬೇತಿ ಮಾಡಬಹುದು. ಈ ಅಂಕ ಬೇರೆ ಕಾಲಮಿನಲ್ಲಿರಲಿ, ಮೊದಲಿನದಕ್ಕೆ ಕೂಡಿಸಬೇಡಿ.

ಇನ್ನು ಅಂಕ ಹಾಕುವ ಕ್ರಮ. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲಿ ಒಂದು ವಿಷಯ ಎತ್ತಿ ತೋರಿಸಿದರು. ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರ ಮೈಕಟ್ಟು, ಬುದ್ಧಿ, ನಾಯಕತ್ವ, ನಡತೆಗಳಿಗೆ ಬೇರೆಬೇರೆ ಅಂಕ ಹಾಕಿದರೂ ಅವೆಲ್ಲ ನಂಬಲಾಗದಷ್ಟು ಹೊಂದಿಕೊಂಡಿದ್ದವು. ಒಟ್ಟಾರೆ ಒಳ್ಳೆಯವನೆನಿಸಿದವನು ಎಲ್ಲದರಲ್ಲೂ ಒಳ್ಳೆಯವನಾಗಿ ಕಾಣುತ್ತಿದ್ದ. ನಿಮ್ಮ ಹಾಳೆಯಲ್ಲೂ ಐದೂ ಸಾಲಿಗೆ ಒಂದೇ ಅಂಕ ಬೀಳುತ್ತಿದ್ದರೆ ಅದೇ ಆಗುತ್ತಿದೆ ಎಂದು ತಿಳಿಯಿರಿ. ಅದಕ್ಕೆ ರೋಲ್ ಪ್ಲೇ ಮೊದಲು, ಊರು, ಮನೆ, ಓದು ವಿಚಾರಿಸುವುದು ಆಮೇಲೆ. ನೀವೂ ಗಿರಾಕಿಯ ಪಾತ್ರದವರೂ ಒಬ್ಬರನ್ನೊಬ್ಬರು ಕೇಳದೆ ಬೇರೆಬೇರೆ ಹಾಳೆಯಲ್ಲಿ ಅಂಕ ಹಾಕಿ. ಯಾವುದಾದರೂ ಸಾಲಿನಲ್ಲಿ 2 ಅಂಕದ ವ್ಯತ್ಯಾಸ ಬಂದರೆ ಸರಾಸರಿ ತೆಗೆಯಬೇಡಿ, ಬರೆದಿಟ್ಟ ಮಾತನ್ನು ಓದಿ ಯಾವುದು ಸರಿ ಎಂದು ತೀರ್ಮಾನಿಸಿ.

ಹತ್ತು ನಿಮಿಷದ ಆಟದಲ್ಲಿ ಕಾಣದ್ದೂ ಇದೆ. ಬಿಸಿಲಲ್ಲಿ ಇಪ್ಪತ್ತು ಮನೆ ‘ಬೇಡ’ ಎಂದ ಮೇಲೂ ಇಪ್ಪತ್ತೊಂದನೆಯ ಬಾಗಿಲು ತಟ್ಟುತ್ತಾನೆಯೇ, ವಸೂಲಿ ಮಾಡಿದ ದುಡ್ಡನ್ನು ಅಂದೇ ತಂದು ಕೊಡುತ್ತಾನೆಯೇ ಎಂಬುದು ಈ ಹಾಳೆಗೆ ಸಿಗುವುದಿಲ್ಲ. ಅದಕ್ಕೆ ಹಿಂದಿನ ಮಾಲೀಕರಿಗೆ ಒಂದು ಫೋನು, ಸಂಬಳ ಕೊಟ್ಟು ಒಂದು ವಾರದ ಫೀಲ್ಡ್ ಕೆಲಸ, ಇವೇ ದಾರಿ. ಹಾಳೆಗಳನ್ನು ಎಸೆಯದೆ ಇಟ್ಟುಕೊಳ್ಳಿ. ಆರು ತಿಂಗಳ ಮೇಲೆ ಪ್ರತಿಯೊಬ್ಬನ ಮಾರಾಟ ಮತ್ತು ಅವನ ಗಿರಾಕಿಗಳಿಂದ ಬಂದ ದೂರುಗಳನ್ನು ಅದೇ ಹಾಳೆಯ ಹಿಂಬದಿಯಲ್ಲಿ ಬರೆಯಿರಿ. ಯಾವ ಸಾಲಿನ ಅಂಕ ಮಾರಾಟದ ಜೊತೆ ತಾಳೆಯಾಗುವುದೇ ಇಲ್ಲವೋ, ಮುಂದಿನ ಸಲಕ್ಕೆ ಆ ಸಾಲನ್ನು ಬದಲಿಸಿ.