ಮೇಜಿನ ಅಂಚಿನಾಚೆಗೆ ಇಟ್ಟಿಗೆಗಳು ಎಷ್ಟು ದೂರ ಚಾಚಬಲ್ಲವು?

ಪ್ರಶ್ನೆ: ಒಂದೇ ಅಳತೆಯ ಇಟ್ಟಿಗೆಗಳನ್ನು ಮೇಜಿನ ಅಂಚಿನಲ್ಲಿ ಒಂದರ ಮೇಲೊಂದು ಪೇರಿಸುತ್ತಾ, ಪ್ರತಿಯೊಂದನ್ನೂ ಕೆಳಗಿನದಕ್ಕಿಂತ ಅರ್ಧ ಇಟ್ಟಿಗೆಯಷ್ಟು ಮುಂದೆ ಇಟ್ಟರೆ ಎರಡನೆಯದಕ್ಕೇ ಉರುಳಿಬಿಡುತ್ತದೆ. ಗಾರೆ ಹಾಕದೆ, ಮೇಲಿನ ಇಟ್ಟಿಗೆ ಪೂರ್ತಿಯಾಗಿ ಮೇಜಿನಿಂದಾಚೆ ಇರುವಂತೆ ಜೋಡಿಸಲು ಸಾಧ್ಯವೇ? ಅತಿ ಹೆಚ್ಚೆಂದರೆ ಎಷ್ಟು ಚಾಚಬಹುದು?

ಉತ್ತರ: ಸಾಧ್ಯ, ಅದಕ್ಕೆ ನಾಲ್ಕೇ ಇಟ್ಟಿಗೆ ಸಾಕು. ನೀವು ಕೆಳಗಿನಿಂದ ಮೇಲಕ್ಕೆ ಲೆಕ್ಕ ಹಾಕಿದ್ದರಿಂದ ಸೋತಿದ್ದೀರಿ. ಈ ಲೆಕ್ಕವನ್ನು ಮೇಲಿನಿಂದ ಕೆಳಕ್ಕೆ ಹಾಕಬೇಕು. ಯಾವುದೇ ಇಟ್ಟಿಗೆಯ ಮುಂದಿನ ಅಂಚನ್ನು ತೆಗೆದುಕೊಂಡರೂ, ಅದರ ಮೇಲಿರುವ ಎಲ್ಲ ಇಟ್ಟಿಗೆಗಳ ಒಟ್ಟು ಗುರುತ್ವ ಕೇಂದ್ರ ಆ ಅಂಚನ್ನು ದಾಟಬಾರದು. ಮೇಜಿನ ಅಂಚಿಗೂ ಇದೇ ನಿಯಮ. ಉಳಿದದ್ದೆಲ್ಲ ಇದರಿಂದಲೇ ಹೊರಡುತ್ತದೆ.

ಲೆಕ್ಕ ಸುಲಭವಾಗಲೆಂದು ಇಟ್ಟಿಗೆಯ ಉದ್ದ 24 ಸೆಂ.ಮೀ. ಎಂದುಕೊಳ್ಳೋಣ. ಎಲ್ಲಕ್ಕಿಂತ ಮೇಲಿನ ಇಟ್ಟಿಗೆಯ ಗುರುತ್ವ ಕೇಂದ್ರ ಅದರ ನಡುವೆ ಇರುವುದರಿಂದ, ತನ್ನ ಕೆಳಗಿನದನ್ನು ಮೀರಿ ಅದು 12 ಸೆಂ.ಮೀ. ಚಾಚಬಹುದು. ಈಗ ಈ ಎರಡನ್ನೂ ಒಂದೇ ವಸ್ತುವೆಂದು ಭಾವಿಸಿ. ಮೇಲಿನದರ ತೂಕ ಎರಡನೆಯದರ ಮುಂದಿನ ಅಂಚಿನ ಮೇಲೆಯೇ ಬೀಳುತ್ತದೆ, ಎರಡನೆಯದರ ತೂಕ ಆ ಅಂಚಿನಿಂದ 12 ಸೆಂ.ಮೀ. ಹಿಂದೆ ಇರುತ್ತದೆ, ತೂಕಗಳು ಸಮ, ಆದ್ದರಿಂದ ಒಟ್ಟು ಕೇಂದ್ರ ಅಂಚಿನಿಂದ 6 ಸೆಂ.ಮೀ. ಹಿಂದೆ ಸಿಗುತ್ತದೆ. ಹಾಗಾಗಿ ಎರಡನೆಯದು ಮೂರನೆಯದನ್ನು ಮೀರಿ 6 ಸೆಂ.ಮೀ. ಮಾತ್ರ ಚಾಚಬಹುದು. ಮೂರನೆಯದನ್ನು ಸೇರಿಸಿದಾಗ ಎರಡು ಇಟ್ಟಿಗೆಗಳ ತೂಕ ಅದರ ಅಂಚಿನ ಮೇಲೆ, ಒಂದರದು 12 ಸೆಂ.ಮೀ. ಹಿಂದೆ, ಸರಾಸರಿ ತೆಗೆದರೆ 4 ಸೆಂ.ಮೀ. ನಾಲ್ಕನೆಯದಕ್ಕೆ ಇದೇ ರೀತಿ 3 ಸೆಂ.ಮೀ., ಅದು ಮೇಜಿನ ಅಂಚನ್ನು ಮೀರುವ ದೂರ.

ಒಟ್ಟು 12 + 6 + 4 + 3 = 25 ಸೆಂ.ಮೀ. ಇಟ್ಟಿಗೆಯೇ 24 ಸೆಂ.ಮೀ. ಇರುವಾಗ, ಮೇಲಿನ ಇಟ್ಟಿಗೆಯ ಹಿಂದಿನ ಅಂಚು ಸಹ ಮೇಜಿನಿಂದ 1 ಸೆಂ.ಮೀ. ಆಚೆ ನಿಲ್ಲುತ್ತದೆ. ಇಟ್ಟಿಗೆಯ ಉದ್ದ L, ಸಂಖ್ಯೆ n ಆದರೆ, ಮೆಟ್ಟಿಲಿನಂತೆ ಪೇರಿಸಿದಾಗ ಸಿಗುವ ಗರಿಷ್ಠ ಚಾಚು ಹೀಗಿರುತ್ತದೆ:

```
(L/2) × (1 + 1/2 + 1/3 + ... + 1/n)
```

ಈ ಮೊತ್ತಕ್ಕೆ ಮೇಲ್ಮಿತಿಯಿಲ್ಲ, ಎಂದರೆ ತತ್ವತಃ ಎಷ್ಟು ದೂರ ಬೇಕಾದರೂ ಚಾಚಬಹುದು. ಆದರೆ ಅದು ಬೆಳೆಯುವ ವೇಗ ತೀರಾ ನಿಧಾನ: ಎರಡು ಇಟ್ಟಿಗೆಯುದ್ದ ದಾಟಲು 31 ಇಟ್ಟಿಗೆ ಬೇಕು, ಮೂರು ದಾಟಲು 227.

ಮೇಲಿನ ಅಂಕಿಗಳನ್ನು ಅಳೆದು ಹಾಗೆಯೇ ಇಟ್ಟರೆ ನಿಮ್ಮ ಜೋಡಣೆ ಬಹುತೇಕ ಖಚಿತವಾಗಿ ಬೀಳುತ್ತದೆ, ಏಕೆಂದರೆ ಅಲ್ಲಿ ನಾಲ್ಕು ಕಡೆಯೂ ಕೇಂದ್ರ ಅಂಚಿನ ನೇರಕ್ಕೇ ಇದ್ದು, ಉಸಿರು ತಾಕಿದರೂ ಸಾಕೆಂಬ ಸ್ಥಿತಿ. ಎಲ್ಲ ಕಡೆ 3 ಮಿ.ಮೀ. ಅವಕಾಶ ಬಿಡಬೇಕೆನಿಸಿದರೆ, ಪ್ರತಿ ಇಟ್ಟಿಗೆಯಿಂದ 3 ಮಿ.ಮೀ. ಕಳೆಯುವುದು ಮೊದಲು ಹೊಳೆಯುವ ದಾರಿ. ಆಗ ಒಟ್ಟು 23.8 ಸೆಂ.ಮೀ.ಗೆ ಇಳಿದು ನಿಮ್ಮ ಉದ್ದೇಶವೇ ಕೆಡುತ್ತದೆ. ಆದರೆ ಮೇಲಿನದನ್ನು ಹಿಂದಕ್ಕೆ ಎಳೆದಾಗ ಕೆಳಗಿನ ಕೇಂದ್ರಗಳೂ ಹಿಂದೆ ಸರಿದು ಸ್ವಲ್ಪ ಜಾಗ ಮರಳಿಸುತ್ತವೆ. 12ರ ಬದಲು 11.7 ಅನ್ನು 1, 2, 3, 4ರಿಂದ ಭಾಗಿಸಿದರೆ 11.7, 5.85, 3.9, 2.925 ಸಿಗುತ್ತವೆ. ಆಗಲೂ ಪ್ರತಿ ಅಂಚಿನಲ್ಲಿ 3 ಮಿ.ಮೀ. ಅವಕಾಶ ಉಳಿಯುತ್ತದೆ, ಮತ್ತು ಮೊತ್ತ 24 ಸೆಂ.ಮೀ.ಗಿಂತ ಸುಮಾರು 4 ಮಿ.ಮೀ. ಹೆಚ್ಚೇ ಇರುತ್ತದೆ.

ಅಷ್ಟು ಬಿಟ್ಟರೂ ಉರುಳಿದರೆ ಮೊದಲು ಯಾವ ಸಂಧಿ ಹಿಂಬದಿಯಲ್ಲಿ ಬಾಯಿಬಿಟ್ಟಿತೆಂದು ನೋಡಿ. ತಪ್ಪು ಆ ಸಂಧಿಯ ಮೇಲಿನ ಗುಂಪಿನಲ್ಲಿ ಇಲ್ಲವೇ ಅದನ್ನು ಹೊತ್ತ ಅಂಚಿನಲ್ಲಿರುತ್ತದೆ, ಅದಕ್ಕಿಂತ ಕೆಳಗೆ ಅಲ್ಲ. ಸಾಮಾನ್ಯ ಕಾರಣವೆಂದರೆ ಸವೆದ ಅಂಚು: ಅಂಚು 5 ಮಿ.ಮೀ. ದುಂಡಾಗಿದ್ದರೆ ನಿಜವಾದ ಆಧಾರ ಅಷ್ಟೇ ಹಿಂದೆ ಮುಗಿದಿರುತ್ತದೆ, ಬಿಟ್ಟ 3 ಮಿ.ಮೀ. ಅವಕಾಶವೆಲ್ಲ ಅದರಲ್ಲೇ ಕರಗುತ್ತದೆ. ಆದ್ದರಿಂದ ಅಂಚು ಚೂಪಾಗಿರುವ ಇಟ್ಟಿಗೆಗಳನ್ನು ಕೆಳಗೆ ಇಡಿ; ಮೇಲಿನದರ ಅಂಚಿನ ಮೇಲೆ ಏನೂ ಕೂರುವುದಿಲ್ಲವಾದ್ದರಿಂದ ಅದು ಮುಕ್ಕಾಗಿದ್ದರೂ ಅಷ್ಟು ಬಾಧಕವಲ್ಲ.

ಇನ್ನು, ‘ಅತಿ ಹೆಚ್ಚು’ ಎಂಬ ಮಾತಿಗೆ ಒಂದು ಷರತ್ತಿದೆ. ಮೇಲಿನ ಸೂತ್ರ ಪ್ರತಿ ಮಟ್ಟದಲ್ಲಿ ಒಂದೇ ಇಟ್ಟಿಗೆ ಇರುವ ಜೋಡಣೆಗೆ ಮಾತ್ರ. ಒಂದೇ ಮಟ್ಟದಲ್ಲಿ ಎರಡನ್ನು ಇಡಬಹುದಾದರೆ ಹಿಂದಿನದು ಎದುರುತೂಕವಾಗಿ ಕೆಲಸ ಮಾಡುತ್ತದೆ, ಮತ್ತು ಮೂರೇ ಇಟ್ಟಿಗೆಗಳಲ್ಲಿ ಅದರ ಲಾಭ ಕಾಣುತ್ತದೆ. ಮೊದಲನೆಯದನ್ನು ಮೇಜಿನಿಂದ 12 ಸೆಂ.ಮೀ. ಹೊರಗೆ ಚಾಚಿ. ಅದರ ಮೇಲೆ ಉಳಿದೆರಡನ್ನು, ಮೇಜಿನ ಅಂಚಿನ ನೇರಕ್ಕೆ ತುದಿಗೆ ತುದಿ ತಾಗುವಂತೆ, ಒಂದು ಮುಂದಕ್ಕೆ ಒಂದು ಹಿಂದಕ್ಕೆ, ಎರಡನ್ನೂ ಒಟ್ಟಿಗೇ ಇಳಿಸಿ ಇಡಿ. ಮುಂದಿನದರ ಕೇಂದ್ರ ಕೆಳಗಿನ ಇಟ್ಟಿಗೆಯ ತುದಿಯ ಮೇಲೆ ಬೀಳುತ್ತದೆ, ಹಿಂದಿನದು ಮೇಜಿನ ಅಂಚಿನಿಂದ ಅಷ್ಟೇ ದೂರದಲ್ಲಿ ಅದನ್ನು ತೂಗಿಸುತ್ತದೆ. ಚಾಚು ಸರಿಯಾಗಿ 24 ಸೆಂ.ಮೀ.; ಮೂರನ್ನು ಮೆಟ್ಟಿಲಿನಂತೆ ಪೇರಿಸಿದ್ದರೆ ಸಿಗುತ್ತಿದ್ದುದು 22.