ಆಫೀಸ್ ಮೆಸೇಜಿನಲ್ಲಿ ಎಷ್ಟು ‘ಸಾರಿ’ ಇರಬೇಕು?

ಪ್ರಶ್ನೆ: ನಾನು ಅಕೌಂಟ್ಸ್‌ನಲ್ಲಿದ್ದೀನಿ. ಪರ್ಚೇಸ್‌ನಲ್ಲಿರೋ ಹಿರಿಯರೊಬ್ಬರಿಗೆ ಸೆಪ್ಟೆಂಬರ್ 15ಕ್ಕೆ ಹೀಗೆ ವಾಟ್ಸಾಪ್ ಮಾಡಿದೆ: “ಸರ್ ನಮಸ್ತೆ, ಸಾರಿ, ಮತ್ತೆ ಡಿಸ್ಟರ್ಬ್ ಮಾಡ್ತಿದೀನಿ. ನೀವು ಬ್ಯುಸಿ ಇರ್ತೀರ ಅಂತ ಗೊತ್ತು, ತಪ್ಪು ತಿಳ್ಕೋಬೇಡಿ. ಹೋದ ತಿಂಗಳದ್ದು ಕೆಲವು ಬಿಲ್ ನಮ್ಮ ಹತ್ರ ಇಲ್ಲ ಅನ್ಸತ್ತೆ, ನಮ್ಮ ಕಡೆಯೇ ಮಿಸ್ ಆಗಿರ್ಬಹುದು. ಬಿಡುವಾದಾಗ ಸ್ವಲ್ಪ ನೋಡೋಕೆ ಆಗತ್ತಾ ಅಂತ ಕೇಳೋಣ ಅಂತ. ಅರ್ಜೆಂಟ್ ಏನಿಲ್ಲ ಸರ್. ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ.” ಅವರು ‘ಓಕೆ’ ಅಂದ್ರು. ಬಿಲ್ ಬರಲೇ ಇಲ್ಲ, ಜಿಎಸ್‌ಟಿ 3ಬಿ ರಿಟರ್ನ್ ಫೈಲ್ ಮಾಡೋ 20ನೇ ತಾರೀಕು ಬಂದೇ ಬಿಡ್ತು. ಒರಟಾಗದ ಹಾಗೆ ಇದನ್ನ ಹೇಗೆ ಬರೀಬೇಕಿತ್ತು?

ಉತ್ತರ: ಅವರು ‘ಓಕೆ’ ಅಂದದ್ದು ಸರಿಯಾಗಿಯೇ ಇದೆ. ನಿಮ್ಮ ಮೆಸೇಜಿಗೆ ಅದಕ್ಕಿಂತ ಹೆಚ್ಚಿನ ಉತ್ತರ ಬೇಕಿರಲಿಲ್ಲ. “ಬಿಡುವಾದಾಗ ಸ್ವಲ್ಪ ನೋಡೋಕೆ ಆಗತ್ತಾ ಅಂತ ಕೇಳೋಣ ಅಂತ” ಅನ್ನುವ ಸಾಲನ್ನು ಇನ್ನೊಮ್ಮೆ ಓದಿ. ಅಲ್ಲಿ ವಾಕ್ಯವೇ ಮುಗಿದಿಲ್ಲ, ಕೊನೆಯ ‘ಅಂತ’ ಗಾಳಿಯಲ್ಲಿ ನೇತಾಡುತ್ತಿದೆ. ನೀವು ಬಿಲ್ ಕೇಳಲಿಲ್ಲ, ಕೇಳುವ ಯೋಚನೆ ಇದೆ ಅಂತ ತಿಳಿಸಿದಿರಿ. ಅದರ ಜೊತೆ ‘ಆಗತ್ತಾ’ ಬೇರೆ. ‘ಆಗು’ ಅಂದರೆ ಮಾಡುವವರು ಯಾರೂ ಇಲ್ಲ, ಮಳೆಯ ಹಾಗೆ ತಾನಾಗಿ ಆಗಬೇಕು. ‘ಆಗತ್ತೆ’ ಅಂದುಬಿಟ್ಟರೆ ಪ್ರಶ್ನೆಗೆ ಉತ್ತರ ಸಿಕ್ಕಿತು, ಕೆಲಸ ಅಲ್ಲೇ ಉಳಿಯಿತು.

ಹಾಗಾಗಿ ‘ಸಾರಿ’ಗಳನ್ನು ಹುಡುಕಿ ಅಳಿಸುವುದರಿಂದ ಶುರು ಮಾಡಬೇಡಿ. ಮೊದಲು ಕ್ರಿಯಾಪದ ಹುಡುಕಿ. ಅವರು ಮಾಡಬೇಕಾದ ಕೆಲಸ ಯಾವುದು? ‘ನೋಡೋದು’ ಅಲ್ಲ, ‘ಕಳಿಸೋದು’. ಆ ಪದವನ್ನು ನಮಸ್ತೆಯ ನಂತರದ ಮೊದಲ ವಾಕ್ಯದಲ್ಲೇ ಇಟ್ಟು, ಏನು, ಎಷ್ಟು, ಯಾವಾಗ ಅನ್ನುವುದನ್ನು ಅದಕ್ಕೆ ಕಟ್ಟಿ. ಆಮೇಲೆ ಉಳಿದ ಒಂದೊಂದು ಸಾಲನ್ನೂ ಅದರ ಪಕ್ಕದಲ್ಲಿಟ್ಟು ನೋಡಿ. ಅರ್ಧಕ್ಕರ್ಧ ತಾನಾಗಿಯೇ ಉದುರುತ್ತದೆ.

ಮೆತ್ತಗೆ ಮಾಡುವ ಮಾತುಗಳೆಲ್ಲ ಒಂದೇ ಜಾತಿಯವಲ್ಲ. ‘ಡಿಸ್ಟರ್ಬ್ ಮಾಡ್ತಿದೀನಿ’, ‘ತಪ್ಪು ತಿಳ್ಕೋಬೇಡಿ’, ‘ತೊಂದರೆ ಕೊಟ್ಟಿದ್ದಕ್ಕೆ’ ಇವು ಆಗದ ತಪ್ಪಿಗೆ ಕೇಳಿದ ಕ್ಷಮೆ. ಬಿಲ್ ಪ್ರತಿ ಅಕೌಂಟ್ಸ್‌ಗೆ ತಲುಪಿಸುವುದು ಅವರ ಕೆಲಸದ ಭಾಗವೇ ಆಗಿದ್ದರೆ ಇದರಲ್ಲಿ ತೊಂದರೆ ಅನ್ನುವ ಮಾತೇ ಇಲ್ಲ. ಇಷ್ಟೆಲ್ಲ ಕ್ಷಮೆ ಕೇಳಿದರೆ ಓದುವವರಿಗೂ ಇದು ತಮ್ಮ ಕೆಲಸವಲ್ಲ, ನಿಮಗೆ ಮಾಡಿಕೊಡುವ ಉಪಕಾರ ಅನ್ನಿಸತೊಡಗುತ್ತದೆ. ಇವನ್ನು ಪೂರ್ತಿ ತೆಗೆಯಿರಿ.

‘ಬಿಡುವಾದಾಗ’, ‘ಅರ್ಜೆಂಟ್ ಏನಿಲ್ಲ’ ಇವು ಇನ್ನೂ ಕೆಟ್ಟವು, ಏಕೆಂದರೆ ಸುಳ್ಳು. ಮಾರಿದವರು ತೋರಿಸಿದ ಬಿಲ್‌ಗಳ ಜಿಎಸ್‌ಟಿ ಪಟ್ಟಿ, ಅಂದರೆ 2ಬಿ, ಬಂದದ್ದು 14ಕ್ಕೆ, 3ಬಿ ಕೊನೇ ದಿನ 20. ಇದ್ದದ್ದೇ ಆರು ದಿನ. ನೀವೇ ಅರ್ಜೆಂಟಿಲ್ಲ ಅಂದ ಮೇಲೆ ಅವರು ನಂಬಿದ್ದು ತಪ್ಪಾ? ‘ಸ್ವಲ್ಪ ಬೇಗ’ ಅಂತ ತಿದ್ದಿದರೂ ಸಾಲದು, ಒಬ್ಬೊಬ್ಬರ ‘ಬೇಗ’ ಒಂದೊಂದು ಥರ. ತಾರೀಕು, ಗಂಟೆ ಹಾಕಿ.

‘ಅನ್ಸತ್ತೆ’, ‘ಮಿಸ್ ಆಗಿರ್ಬಹುದು’ ಇವುಗಳ ವಿಷಯದಲ್ಲಿ ಮಾತ್ರ ಕಣ್ಣುಮುಚ್ಚಿ ಕತ್ತರಿ ಹಾಕಬೇಡಿ. ನಿಜವಾದ ಅನುಮಾನವಿದ್ದರೆ ಅದನ್ನು ಮುಚ್ಚಿಡುವುದೂ ತಪ್ಪೇ. ಮೊದಲು ಫೈಲಿನಲ್ಲಿ, ಮೇಲ್‌ನಲ್ಲಿ ಹುಡುಕಿ. ಸಿಗದಿದ್ದರೆ ‘ನಮ್ಮ ಫೈಲಿನಲ್ಲಿಲ್ಲ’ ಅಂತ ನೇರ ಬರೆಯಿರಿ, ‘ಅನ್ಸತ್ತೆ’ ಬೇಡ. ಒಂದು ಬಿಲ್ ಮಾತ್ರ ನಮ್ಮ ಕಂಪನಿಯದೋ ಅಲ್ಲವೋ ಅನ್ನುವ ಗೊಂದಲವಿದ್ದರೆ, ಅನುಮಾನವನ್ನು ಆ ಒಂದು ಬಿಲ್ ನಂಬರಿಗೆ ಅಂಟಿಸಿ. ಇಡೀ ಮೆಸೇಜಿನ ಮೇಲೆ ಮಂಜು ಕವಿದ ಹಾಗೆ ಹರಡಿದಾಗಲೇ ಅದು ಕೋರಿಕೆಯ ಬಲ ತೆಗೆಯುವುದು.

ಒರಟಾಗುತ್ತದೆ ಅನ್ನುವ ಭಯಕ್ಕೆ ಬರೋಣ. ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದ ಬಾಲದಲ್ಲೇ ಕೂತಿರುತ್ತದೆ, ಹೊರಗಿನಿಂದ ತಂದು ಸುರಿಯಬೇಕಿಲ್ಲ. ‘ಕಳಿಸಿ’ಯಲ್ಲೇ ಬಹುವಚನದ ಗೌರವವಿದೆ. ‘ಕಳಿಸಿಕೊಡಿ’ ಅಂದರೆ ‘ಕೊಡು’ ಸೇರಿ, ನಿಮ್ಮಿಂದ ನಮಗೊಂದು ಅನುಕೂಲ ಅನ್ನುವ ಭಾವವೂ ಬಂತು. ವಯಸ್ಸಿನಲ್ಲಿ ತುಂಬಾ ಹಿರಿಯರು ಅಂತಿದ್ದರೆ ‘ಕಳಿಸಿಕೊಡ್ತೀರಾ ಸರ್?’ ಅನ್ನಿ. ಪ್ರಶ್ನೆಯ ರೂಪದಲ್ಲಿದ್ದರೂ ಮಾಡುವವರು ‘ನೀವು’ ಅನ್ನುವುದು ಅದರಲ್ಲಿ ಸ್ಪಷ್ಟ. ಇದರಿಂದ ಕೆಳಗೆ ‘ಆಗತ್ತಾ’ಗೆ ಇಳಿಯಬೇಡಿ, ಮೇಲೆ ‘ಕಳಿಸಬೇಕು’ಗೆ ಹತ್ತಲೂಬೇಡಿ. ಕ್ಷಮೆಗಳನ್ನೆಲ್ಲ ತೆಗೆದ ಹುರುಪಿನಲ್ಲಿ ಬಹಳ ಜನ ಜಾರಿಬೀಳುವುದು ಈ ‘ಬೇಕು’ಗೇ. ಅದನ್ನು ಓದಿದರೆ ಮೇಲಧಿಕಾರಿಯ ನೋಟಿಸ್ ಬಂದ ಹಾಗಿರುತ್ತದೆ.

ಇಷ್ಟು ಮಾಡಿದರೆ ಹೀಗಾಗುತ್ತದೆ (ಬಿಲ್ ನಂಬರು, ಮೊತ್ತ ನಿಮ್ಮವನ್ನು ಹಾಕಿಕೊಳ್ಳಿ):

“ಸರ್ ನಮಸ್ತೆ. ಆಗಸ್ಟ್ ತಿಂಗಳ ಮೂರು ಖರೀದಿ ಬಿಲ್‌ಗಳ ಪಿಡಿಎಫ್ 17ರ ಸಂಜೆ 4ರೊಳಗೆ ಕಳಿಸಿಕೊಡಿ: ಪ್ಯಾಕಿಂಗ್ ಬಾಕ್ಸಿನದು 412 ಮತ್ತು 418, ಲೇಬಲ್‌ದು 77. ಮೂರೂ 2ಬಿಯಲ್ಲಿ ಬಂದಿವೆ, ಬಿಲ್ ನಮ್ಮ ಫೈಲಿನಲ್ಲಿಲ್ಲ. ಬಿಲ್ ಇಲ್ಲದೆ 20ರ 3ಬಿಯಲ್ಲಿ 64,800 ರೂಪಾಯಿ ಕ್ರೆಡಿಟ್ ತಗೊಳ್ಳೋಕೆ ಬರಲ್ಲ, ಈ ತಿಂಗಳು ಅಷ್ಟೂ ನಗದಾಗಿ ಕಟ್ಟಬೇಕಾಗತ್ತೆ. 77 ನಮ್ಮ ಆರ್ಡರ್ ಹೌದೋ ಅಲ್ಲವೋ ಅಂತ ಒಂದ್ಸಲ ನೋಡಿ ಹೇಳಿ. 17ಕ್ಕೆ ಸಿಗಲ್ಲ ಅಂದ್ರೆ ಯಾವತ್ತು ಸಿಗತ್ತೆ ಅಂತ ತಿಳಿಸಿ. ಥ್ಯಾಂಕ್ಯೂ ಸರ್.”

ಉದ್ದ ಮೊದಲಿಗಿಂತ ಹೆಚ್ಚೇ ಆಗಿದೆ, ಗಮನಿಸಿ. ಮೆಸೇಜನ್ನು ಚಿಕ್ಕದು ಮಾಡುವುದು ಉದ್ದೇಶವಲ್ಲ. ಕ್ಷಮೆ ಕೂತಿದ್ದ ಜಾಗದಲ್ಲಿ ಈಗ ಕಾರಣ ಕೂತಿದೆ, ಒರಟುತನ ಬಾರದಂತೆ ತಡೆಯುವುದೂ ಆ ಕಾರಣವೇ. ಕಾರಣವನ್ನೂ ಕಿತ್ತು ಬರೀ “ಮೂರು ಬಿಲ್ 17ರೊಳಗೆ ಕಳಿಸಿ” ಅಂದರೆ ನಿಜಕ್ಕೂ ಬಿರುಸಾಗುತ್ತದೆ. ‘ಒಂದ್ಸಲ ನೋಡಿ’ ಅನ್ನುವುದನ್ನು ಬೇಕೆಂದೇ ಉಳಿಸಿದ್ದೇನೆ. ಅಂಥ ಒಂದು ಮೆದು ಮಾತು ಸಹಜವಾಗಿ ಕೇಳುತ್ತದೆ, ಒಂದೇ ಸಾಲಿನಲ್ಲಿ ಮೂರು ಸೇರಿದಾಗ ಗೊಣಗಾಟವಾಗುತ್ತದೆ. ‘17ಕ್ಕೆ ಸಿಗಲ್ಲ ಅಂದ್ರೆ’ ಅನ್ನುವ ಸಾಲೂ ‘ಬಿಡುವಾದಾಗ’ ಕೊಡುತ್ತಿದ್ದ ಸಡಿಲವನ್ನೇ ಕೊಡುತ್ತದೆ, ಆದರೆ ಅದರಲ್ಲಿ ತಪ್ಪಿಸಿಕೊಂಡು ಹೋಗಲಾಗದು, ಇನ್ನೊಂದು ತಾರೀಕು ಹೇಳಲೇಬೇಕು.

ಹಾಗಂತ ಕ್ಷಮೆ ಕೇಳಲೇಬಾರದು ಅಂತಲ್ಲ. ಇದೇ ಮೆಸೇಜನ್ನು ನೀವು 19ಕ್ಕೆ ಕಳಿಸಿದ್ದರೆ ತಪ್ಪು ನಿಮ್ಮದು, ಆಗ “2ಬಿ 14ಕ್ಕೇ ಬಂದಿತ್ತು, ನಾನು ತಡ ಮಾಡಿದೆ, ಕ್ಷಮಿಸಿ” ಅಂತ ಒಂದು ಸಲ ಬರೆಯಿರಿ. ತಪ್ಪೇನು ಅಂತ ಹೆಸರಿಸಿ ಹೇಳಿದ ಕ್ಷಮೆ ಕೋರಿಕೆಯನ್ನು ಸಡಿಲ ಮಾಡುವುದಿಲ್ಲ. ಹಾಗೆಯೇ, ಅವರ ಕೆಲಸಕ್ಕೆ ಸಂಬಂಧವೇ ಇಲ್ಲದ ಸಹಾಯ ಕೇಳುವಾಗ, ಉದಾಹರಣೆಗೆ ನಿಮ್ಮ ಎಕ್ಸೆಲ್ ಶೀಟ್ ಸರಿಮಾಡಿಕೊಡಿ ಅನ್ನುವಾಗ, ‘ಬಿಡುವಿದ್ದರೆ’ ಅನ್ನುವುದು ಪ್ರಾಮಾಣಿಕ ಮಾತು. ಅಲ್ಲಿ ಇಲ್ಲ ಅನ್ನುವ ಹಕ್ಕು ಅವರಿಗೆ ನಿಜವಾಗಿಯೂ ಇದೆ.

ಇನ್ನು ನೆನಪಿಸುವಾಗ ಹಳೇ ಚಾಳಿ ಮರಳಿ ಬರುವುದು ಖಂಡಿತ. 17ರ ಬೆಳಗ್ಗೆ “ಮತ್ತೆ ಮತ್ತೆ ಕೇಳ್ತಿದೀನಿ, ಬೇಜಾರಾಗ್ಬೇಡಿ” ಅಂತ ಶುರುಮಾಡಬೇಡಿ. ಹಳೆಯ ಮೆಸೇಜಿಗೇ ರಿಪ್ಲೈ ಒತ್ತಿ, “ಸರ್, 412 ಮತ್ತು 418 ಸಿಕ್ಕಿತು, ಥ್ಯಾಂಕ್ಸ್. 77 ಇವತ್ತು 4ರೊಳಗೆ ಕಳಿಸಿಕೊಡಿ” ಅಂತ ಹಾಕಿ.